ಮೋಟರ್ ಬಿಚ್ಚದೇನೇ ಮುರಿದ ರೋಟರ್ ಬಾರ್ ಹಿಡಿದಿದ್ದು – ನನ್ನ ಅನುಭವ

160 ಕಿಲೋವ್ಯಾಟ್‌ನ 4 ಪೋಲ್ ಮೋಟರ್, ದೊಡ್ಡ ಫ್ಯಾನ್‌ಗೆ ಹಾಕಿದ್ದು, ಸ್ಟಾರ್ಟ್ ಆಗೋಕೇ ತುಂಬಾ ಹೊತ್ತು ತಗೊಳ್ಳೋದು. ಬೇರಿಂಗ್ ಎರಡು ಸಲ ಬದಲಾಯಿಸಿದ್ರು, ಫ್ಯಾನ್ ಬ್ಯಾಲೆನ್ಸ್ ಮಾಡಿಸಿದ್ರು, ಗೊಂಯ್ ಗೊಂಯ್ ಅಂತ ಏರಿಳಿಯೋ ಸದ್ದು ಮಾತ್ರ ಹಾಗೇ. ಪ್ಯಾನಲ್ ಮೇಲಿನ ಹಳೇ ಆಮ್ಮೀಟರ್ ಮುಳ್ಳು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸಲ ಸಣ್ಣಗೆ ಆಡ್ತಾ ಇತ್ತು, ಅದನ್ನ ನೋಡಿದ್ಮೇಲೇನೇ ನಾನು ರೋಟರ್ ಬಾರ್, ಅಂದ್ರೆ ತಿರುಗೋ ಭಾಗದಲ್ಲಿ ಕರೆಂಟ್ ಹರಿಯೋ ಸರಳು, ಮುರಿದಿದೆ ಅಂದಿದ್ದು. "ಕರೆಂಟ್ ನೋಡಿ ಬಾರ್ ಮುರಿದಿದ್ದು ಹೇಳ್ತೀರಾ ಸಾರ್?" ಅಂತ ಅಲ್ಲಿನೋರು ನಕ್ಕರು. ನಗಲಿ ಬಿಡಿ.

ಮೊದಲು ಪವರ್ ಅನಲೈಸರ್ ಹಾಕಿದ್ವಿ, ಏನೂ ಕಾಣ್ಲಿಲ್ಲ. ಕಾಣೋದೂ ಇಲ್ಲ, ಯಾಕಂದ್ರೆ ಹಾರ್ಮೋನಿಕ್ ನೋಡೋ ಅನಲೈಸರ್‌ಗಳು 200 ಮಿಲಿಸೆಕೆಂಡ್ ತುಂಡು ತಗೊಂಡು ಲೆಕ್ಕ ಹಾಕ್ತವೆ, ಅಂದ್ರೆ 5 ಹರ್ಟ್ಜ್‌ಗೆ ಒಂದು ಗೆರೆ, ನಮಗೆ ಬೇಕಿರೋದು ಸಪ್ಲೈನ 50 ಹರ್ಟ್ಜ್‌ನಿಂದ ಒಂದೇ ಹರ್ಟ್ಜ್ ಆಚೆ ಈಚೆ ಬರೋ ಸಣ್ಣ ಪೀಕ್. ಬಾಡಿಗೆಗೆ ತಂದ ಆ ಯಂತ್ರದ ದುಡ್ಡು ದಂಡ. ಆಮೇಲೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಸೆಕೆಂಡರಿಗೆ ಸಣ್ಣ ಕ್ಲ್ಯಾಂಪ್ ಹಾಕಿ ಲ್ಯಾಪ್‌ಟಾಪ್‌ಗೆ 40 ಸೆಕೆಂಡ್ ರೆಕಾರ್ಡ್ ಮಾಡ್ಕೊಂಡೆ, ಹ್ಯಾನಿಂಗ್ ವಿಂಡೋ ಹಾಕಿ ಎಫ್ಎಫ್‌ಟಿ ಮಾಡಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ನೋಡಿದೆ. 40 ಸೆಕೆಂಡ್ ಅಂದ್ರೆ 0.025 ಹರ್ಟ್ಜ್‌ಗೊಂದು ಗೆರೆ, ಸಾಕಾದಷ್ಟಾಯ್ತು. ಅದಕ್ಕಿಂತ ಉದ್ದ ತಗೊಂಡ್ರೆ ಸಪ್ಲೈ ಫ್ರೀಕ್ವೆನ್ಸಿ ತಾನೇ ಓಡಾಡಿ ಪೀಕ್ ಬುಡ ಅಗಲ ಆಗ್ಬಿಡುತ್ತೆ. 

ಬಾರ್ ಮುರಿದಾಗ ಮೇನ್ ಪೀಕ್ ಅಕ್ಕಪಕ್ಕ ಏಳೋ ಸೈಡ್‌ಬ್ಯಾಂಡ್ ಬರೋದು `f(1 ± 2s)` ಹತ್ರ ಅಂತ ಈ ಕೆಲಸದೋರಿಗೆಲ್ಲ ಗೊತ್ತು, f ಅಂದ್ರೆ ಸಪ್ಲೈ ಫ್ರೀಕ್ವೆನ್ಸಿ, s ಅಂದ್ರೆ ಸ್ಲಿಪ್. ಎಡವೋದು ಸ್ಲಿಪ್ ಲೆಕ್ಕದಲ್ಲಿ, ಅಂದ್ರೆ ಸಿಂಕ್ರೊನಸ್ ಸ್ಪೀಡ್‌ಗಿಂತ ಶಾಫ್ಟ್ ಎಷ್ಟು ಹಿಂದೆ ಬೀಳುತ್ತೆ ಅನ್ನೋದ್ರಲ್ಲಿ. ಸಿಂಕ್ರೊನಸ್ ಸ್ಪೀಡ್ 1500 ಅಂತ ಕಣ್ಣು ಮುಚ್ಚಿ ಹಿಡೀಬೇಡಿ, ರೆಕಾರ್ಡ್‌ನಲ್ಲಿ ಬಂದ ನಿಜವಾದ ಪೀಕನ್ನೇ ತಗೊಳ್ಳಿ. ನಂಗೆ ಬಂದಿದ್ದು 49.95, ಅಂದ್ರೆ ಸಿಂಕ್ರೊನಸ್ ಸ್ಪೀಡ್ 1498.5. ಸ್ಟ್ರೋಬ್‌ನಲ್ಲಿ ಶಾಫ್ಟ್ 1484 ತೋರಿಸ್ತು. ವ್ಯತ್ಯಾಸ 14.5 ಆರ್‌ಪಿಎಂ. 4 ಪೋಲ್‌ಗೆ ಅದನ್ನ 15ರಿಂದ ಭಾಗಿಸಿದ್ರೆ ಸೀದಾ 2sf ಬರುತ್ತೆ, ಇಲ್ಲಿ 0.97 ಹರ್ಟ್ಜ್. 1500 ಅಂತ ಹಿಡಿದಿದ್ರೆ 1.07 ಆಗ್ತಿತ್ತು, ಅಲ್ಲಿ ಏನೂ ಇರ್ಲಿಲ್ಲ! 48.98ರಲ್ಲಿ ಚೂಪಾಗಿ ನಿಂತಿತ್ತು, ಮೇನ್ ಪೀಕ್‌ಗಿಂತ ಸುಮಾರು 38 ಡಿಬಿ ಕೆಳಗೆ, ಅಂದ್ರೆ ಕರೆಂಟ್‌ನ ಒಂದೂಕಾಲು ಪರ್ಸೆಂಟ್. 50.92ರಲ್ಲಿ ಇನ್ನೊಂದು ಸ್ವಲ್ಪ ಗಿಡ್ಡ. ಕೆಳಗಿನದು ಮುರಿದ ಬಾರ್‌ದೇ, ಮೇಲಿನದು ಅದರಿಂದ ಸ್ಪೀಡ್ ಅಲ್ಲಾಡಿ ಬರೋದು, ಹಾಗಾಗಿ ಫ್ಯಾನ್ ಥರ ಭಾರಿ ಇನರ್ಷಿಯಾ ಇದ್ರೆ ಮೇಲಿನದು ಸಣ್ಣದಾಗೇ ಇರುತ್ತೆ. ಮೇನ್ ಪೀಕ್‌ಗೂ ಕೆಳಗಿನ ಸೈಡ್‌ಬ್ಯಾಂಡ್‌ಗೂ ಅಂತರ 45 ಡಿಬಿಗಿಂತ ಕಮ್ಮಿ ಆದ್ರೆ ನಾನು ಅನುಮಾನ ಪಡೋಕೆ ಶುರು ಮಾಡ್ತೀನಿ, 54 ಮೇಲಿದ್ರೆ ಮನೆಗೆ ಹೋಗ್ತೀನಿ.

ಅಷ್ಟಕ್ಕೇ ಮೋಟರ್ ಬಿಚ್ಚಿ ಅನ್ನೋಕೆ ಆಗಲ್ಲ. ಫ್ಯಾನ್ ಗಾಳಿ ತಡೆಯೋ ಡ್ಯಾಂಪರ್ ಸ್ವಲ್ಪ ಮುಚ್ಚಿಸಿದೆ, ಲೋಡ್ ಇಳೀತು, ಸ್ಲಿಪ್ 9 ಆರ್‌ಪಿಎಂಗೆ ಬಂತು, ಸೈಡ್‌ಬ್ಯಾಂಡ್‌ಗಳೂ 0.6 ಹರ್ಟ್ಜ್ ದೂರಕ್ಕೆ ಒಳಗೆ ಸರಿದವು. ಇದೇ ಪಕ್ಕಾ ಸಾಕ್ಷಿ. ಪಕ್ಕದ ಕನ್ವೇಯರ್ ಮೋಟರ್‌ನಲ್ಲೂ ಚಟಕ್ಕೆ ನೋಡಿದೆ, ಅಲ್ಲೂ 0.9 ಹರ್ಟ್ಜ್ ಆಚೆ ಈಚೆ ಎರಡು ಪೀಕ್ ಇದ್ದವು, ಲೋಡ್ ಬದಲಾಯಿಸಿದ್ರೂ ಅಲ್ಲಾಡ್ಲಿಲ್ಲ, ಎತ್ತರ ಮಾತ್ರ ಬದಲಾಯ್ತು. ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟ್ ನಿಮಿಷಕ್ಕೆ 54 ಸುತ್ತು, ಅಲ್ಲಿಂದ ಬಂದಿದ್ದು. ಗೊತ್ತಿಲ್ಲದೋರು ಆ ಮೋಟರನ್ನೂ ಬಿಚ್ಚಿಸಿರೋರು.

ಎಷ್ಟು ಬಾರ್ ಅಂತ ಕೇಳಿದ್ರು. ರೋಟರ್‌ನಲ್ಲಿ 52 ಬಾರ್ ಇದ್ದ ನೆನಪು, ಮಾಮೂಲಿ ಸೂತ್ರದಲ್ಲಿ ಒಂದೂಕಾಲು ಬಂತು, "ಒಂದೋ ಎರಡೋ" ಅಂದೆ. ಬಿಚ್ಚಿದಾಗ ಪಕ್ಕಪಕ್ಕದ ಎರಡು ಬಾರ್ ಎಂಡ್ ರಿಂಗ್ ಬೆಸುಗೆ ಹತ್ರ ತುಂಡಾಗಿದ್ದವು, ಕೋರ್ ಅಲ್ಲಿ ಕಪ್ಪಗಾಗಿತ್ತು. ಮೂರನೇದ್ರಲ್ಲಿ ಕೂದಲೆಳೆ ಬಿರುಕು. ಬಾರ್ ಹೊಸದಾಗಿ ಹಾಕಿ ಬೆಸುಗೆ ಮಾಡಿಸಿದ್ದಕ್ಕೆ ಹೊಸ ಮೋಟರ್ ಬೆಲೆಯ ಕಾಲು ಭಾಗವೂ ಆಗ್ಲಿಲ್ಲ. ಬಾರ್ ಎದ್ದು ಸ್ಟೇಟರ್ ವೈಂಡಿಂಗ್‌ಗೆ ತಗುಲಿದ್ರೆ ಪೂರ್ತಿ ರಿವೈಂಡಿಂಗ್. ನಕ್ಕವರು ಈಗ ಬೇರೆ ಮೋಟರ್‌ಗಳಿಗೂ ಕರೀತಾರೆ.

ಅರ್ಧ ಲೋಡ್‌ಗಿಂತ ಕೆಳಗೆ ಇದನ್ನ ನಂಬಬೇಡಿ, ಸೈಡ್‌ಬ್ಯಾಂಡ್ ಮೇನ್ ಪೀಕ್ ಬುಡದಲ್ಲೇ ಮುಳುಗುತ್ತೆ. ವೇಗ ಬದಲಾಯಿಸೋ ಡ್ರೈವ್ ಮೇಲೆ ಓಡೋ ಮೋಟರ್‌ನಲ್ಲಿ ಕಂಟ್ರೋಲ್ ಲೂಪೇ ಈ ಏರಿಳಿತ ಅದುಮೋಕೆ ನೋಡುತ್ತೆ, ಸಾಧ್ಯ ಆದ್ರೆ ಒಂದು ಸಲ ಡ್ರೈವ್ ಬೈಪಾಸ್ ಮಾಡಿ ನೇರ ಲೈನ್ ಮೇಲೆ ಓಡಿಸಿ ರೆಕಾರ್ಡ್ ತಗೊಳ್ಳಿ.