87 ಎಂಬ ಅಂಕಿ ಮತ್ತು ಐಹೊಳೆಯ ಪ್ರಬಂಧ

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಕಳೆದ ವರ್ಷ 62 ವಿದ್ಯಾರ್ಥಿಗಳಿಗೆ ಐಹೊಳೆ ಶಾಸನದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಆಂತರಿಕ ಮೌಲ್ಯಮಾಪನದ 10 ಅಂಕ ಅದಕ್ಕಿತ್ತು. ಬಂದ ಪ್ರಬಂಧಗಳನ್ನು ವಿಭಾಗದವರು ಯಂತ್ರಬರಹ, ಅಂದರೆ ಎಐ ಬರೆದುಕೊಟ್ಟ ಬರಹ, ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಿದರು. ಒಬ್ಬ ಹುಡುಗನ ಪ್ರಬಂಧಕ್ಕೆ 87 ಎಂದು ಬಂತು. ‘ಸೊನ್ನೆ ಕೊಟ್ಟುಬಿಡೋಣ, ನೀವೊಂದು ಟಿಪ್ಪಣಿ ಬರೆದುಕೊಡಿ’ ಎಂದರು ವಿಭಾಗದ ಮುಖ್ಯಸ್ಥರು. ಆ ಟಿಪ್ಪಣಿ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಮೊದಲು ಆ ಅಂಕಿಯ ಲೆಕ್ಕ ಹಾಕಿದೆ. 87 ಎಂದರೆ ಹುಡುಗ ಯಂತ್ರದಿಂದ ಬರೆಸಿರುವ ಸಾಧ್ಯತೆ ನೂರಕ್ಕೆ 87 ಎಂದಲ್ಲ. ನೂರು ಮಕ್ಕಳಲ್ಲಿ 10 ಜನ ಯಂತ್ರದಿಂದ ಬರೆಸಿದ್ದಾರೆ ಎಂದುಕೊಳ್ಳಿ. ತಂತ್ರಾಂಶ ಅವರಲ್ಲಿ 8 ಜನರನ್ನು ಹಿಡಿಯುತ್ತದೆ, ಉಳಿದ 90 ಪ್ರಾಮಾಣಿಕರಲ್ಲಿ ನೂರಕ್ಕೆ 9ರಂತೆ ತಪ್ಪಾಗಿ ಬೊಟ್ಟು ಮಾಡುತ್ತದೆ ಎಂದುಕೊಂಡರೆ ಅಲ್ಲಿಯೂ 8 ಜನ ಸಿಗುತ್ತಾರೆ. ಸಿಕ್ಕಿಬಿದ್ದವರಲ್ಲಿ ಅರ್ಧದಷ್ಟು ಜನ ಏನೂ ಮಾಡದವರು! ನೂರಕ್ಕೆ 9 ಎಂಬುದು ನಾನು ಕಲ್ಪಿಸಿಕೊಂಡ ಪ್ರಮಾಣವಲ್ಲ. ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ಹೊರತಂದ ಪತ್ತೆ ಸಾಧನದ ತಪ್ಪಿನ ಪ್ರಮಾಣ ಅದು, ಕಂಪನಿಯೇ ಹೇಳಿಕೊಂಡದ್ದು. ಆ ಸಾಧನ ಯಂತ್ರಬರಹವನ್ನು ಹಿಡಿದದ್ದು ನೂರಕ್ಕೆ 26ರಷ್ಟು ಮಾತ್ರ. ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಅದೂ ಇಂಗ್ಲಿಷ್ ಬರಹದ ಮಾತು. ಕನ್ನಡಕ್ಕೆ ನಮ್ಮ ತಂತ್ರಾಂಶ ಎಷ್ಟು ಸರಿ ಎಂಬ ಲೆಕ್ಕವನ್ನು ನಮಗೆ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ 2016ರಲ್ಲಿ ನಾನೇ ಕೈಯಾರೆ ಬರೆದಿದ್ದ ಪಾಠದ ಟಿಪ್ಪಣಿಯೊಂದನ್ನು ಅದಕ್ಕೆ ಕೊಟ್ಟು ನೋಡಿದೆ. 71 ಎಂದಿತು.

ಆಮೇಲೆ ಶೈಲಿ ನೋಡಿದೆ. ಪ್ರಬಂಧದ ಮೊದಲ ಮತ್ತು ಕೊನೆಯ ಪ್ಯಾರಾಗಳಲ್ಲಿ ‘ಮಹತ್ವದ ಪಾತ್ರ ವಹಿಸುತ್ತದೆ’, ‘ಅನನ್ಯ ಕೊಡುಗೆ ನೀಡಿದೆ’ ಎಂಬಂಥ ಮಾತುಗಳು ಸಾಲಾಗಿ ಬರುತ್ತಿದ್ದವು. ಒಂದೂ ಕಾಗುಣಿತದ ತಪ್ಪಿಲ್ಲ. ಆ ಹುಡುಗನ ಕಿರುಪರೀಕ್ಷೆಯ ಉತ್ತರಪತ್ರಿಕೆ ತೆಗೆದು ಪಕ್ಕದಲ್ಲಿಟ್ಟೆ. ಅಲ್ಲಿ ‘ಶಾಸನ’ ಎಂಬುದು ಮೂರು ಕಡೆ ‘ಸಾಸನ’ ಆಗಿತ್ತು, ವಾಕ್ಯಗಳು ಗಿಡ್ಡವಾಗಿದ್ದವು. ಪ್ರಬಂಧದ ನಡುವಿನ ಮೂರು ಪ್ಯಾರಾಗಳು ಮಾತ್ರ ಆ ಉತ್ತರಪತ್ರಿಕೆಯ ಬರವಣಿಗೆಗೆ ಹತ್ತಿರವಿದ್ದವು.

ಇಲ್ಲಿ ನಾನು ಎಡವುವುದರಲ್ಲಿದ್ದೆ. ‘ಅಂಕಿಯೂ ಹೇಳುತ್ತಿದೆ, ಶೈಲಿಯೂ ಹೇಳುತ್ತಿದೆ, ಎರಡು ಸಾಕ್ಷಿಗಳಾದವು’ ಎಂದು ಕಾಗದದ ಮೇಲೆ ಬರೆದೂ ಬಿಟ್ಟೆ. ಬರೆದ ಮೇಲೆ ಹೊಳೆಯಿತು: ತಂತ್ರಾಂಶ ಅಳೆಯುವುದೂ ಶೈಲಿಯನ್ನೇ. ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ, ವಾಕ್ಯಗಳು ಎಷ್ಟು ಒಂದೇ ಅಳತೆಯಲ್ಲಿವೆ ಎಂಬಂಥ ಗುರುತುಗಳಿಂದಲೇ ಅದು ಅಂಕಿ ಕೊಡುತ್ತದೆ. ನನ್ನ ಕಣ್ಣಿಗೆ ಬಿದ್ದ ಸಪಾಟುತನವೇ ಅದಕ್ಕೂ ಬಿದ್ದಿತ್ತು. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆ ಹತ್ತಿಸಿದಂತೆ ಅದು. ನಮ್ಮಲ್ಲಿ ಗೈಡ್ ಪುಸ್ತಕಗಳನ್ನು ಬಾಯಿಪಾಠ ಮಾಡಿದ ಮಕ್ಕಳೂ ಇದೇ ಧಾಟಿಯಲ್ಲಿ ಬರೆಯುತ್ತಾರೆ. ಎರಡನ್ನೂ ಸೇರಿಸಿ ಒಂದು ಎಂದು ತಿದ್ದಿಕೊಂಡೆ.

ಸಂಗತಿಗಳು ಬೇರೆ ಮೂಲದಿಂದ ಬರುವ ಸಾಕ್ಷಿ. ಪ್ರಬಂಧದ ಮೊದಲ ಪ್ಯಾರಾದಲ್ಲಿ ರವಿಕೀರ್ತಿಯ ಶಾಸನ ಐಹೊಳೆಯ ದುರ್ಗಾ ದೇವಾಲಯದಲ್ಲಿದೆ ಎಂದಿತ್ತು. ಅದು ಇರುವುದು ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಗೋಡೆಯಲ್ಲಿ. ಡಿಸೆಂಬರ್‌ನಲ್ಲಿ ಇದೇ ತರಗತಿಯನ್ನು ಅಲ್ಲಿಗೆ ಕರೆದೊಯ್ದು, ಶಾಸನದ ಮುಂದೆ ನಿಲ್ಲಿಸಿ ಪಾಠ ಮಾಡಿದ್ದೆ. ಕಣ್ಣಾರೆ ಕಂಡವನು ಹೀಗೆ ಬರೆಯುತ್ತಾನೆಯೇ ಎಂದು ನನಗೆ ಸಿಟ್ಟೇ ಬಂತು.

ಎರಡನೆಯ ತಪ್ಪು ಇನ್ನೂ ವಿಚಿತ್ರವಾಗಿತ್ತು. ನಡುವಿನ ಪ್ಯಾರಾದಲ್ಲಿ, ಈ ಶಾಸನ ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನಸಂಪುಟಗಳ ಮಾಲೆಯ 9ನೆಯ ಸಂಪುಟದಲ್ಲಿ ಪ್ರಕಟವಾಗಿದೆ ಎಂದು ಬರೆದಿದ್ದ. ಸರಿಯಾದದ್ದು 6ನೆಯ ಸಂಪುಟ, ಕೀಲ್‌ಹಾರ್ನ್ ಸಂಪಾದಿಸಿದ್ದು. ಇಲ್ಲದ ಆಕರವನ್ನು ಇದೆಯೆಂಬಂತೆ ಹೇಳುವುದು ಯಂತ್ರಗಳ ಹಳೆಯ ಚಾಳಿ. ಅದಕ್ಕೇ ಇದನ್ನೂ ಅವನ ವಿರುದ್ಧದ ಪಟ್ಟಿಗೆ ಸೇರಿಸಿದೆ.

ಅಷ್ಟಾದ ಮೇಲೆ ಹುಡುಗನನ್ನು ಕರೆದೆ. ‘ತಮ್ಮಾ, ಇದನ್ನು ಹೇಗೆ ಬರೆದೆ, ಮೊದಲಿನಿಂದ ತೋರಿಸು’ ಎಂದು ಮಾತ್ರ ಕೇಳಿದೆ. ಅಂಕಿಯ ವಿಷಯ ಎತ್ತಲಿಲ್ಲ. ಅವನು ಮೊಬೈಲ್‌ನಲ್ಲಿ ಗೂಗಲ್ ಡಾಕ್ಸ್ ತೆರೆದುಕೊಟ್ಟ. ಅದರ ಆವೃತ್ತಿ ಇತಿಹಾಸದಲ್ಲಿ ಇಡೀ ಪ್ರಬಂಧ ಒಂದೇ ಸಂಜೆ ಒಂದೇ ಏಟಿಗೆ ಬಂದು ಕೂತಿತ್ತು. ಎಲ್ಲಿಂದಲೋ ತಂದು ಅಂಟಿಸಿದ ಗುರುತು ಅದು. ‘ಸರ್, ನಾನು ವಾಟ್ಸ್ಆ್ಯಪ್‌ನಲ್ಲಿ ನನಗೇ ಕಳಿಸಿಕೊಂಡು ಬರೆಯುತ್ತೇನೆ’ ಎಂದು ಅದನ್ನೂ ತೋರಿಸಿದ. ಐದು ದಿನಗಳ ತುಂಡು ತುಂಡು ಸಂದೇಶಗಳಿದ್ದವು. ನಡುವಿನ ಮೂರು ಪ್ಯಾರಾಗಳ ಕಚ್ಚಾ ರೂಪ, ‘ಸಾಸನ’ದ ಸಮೇತ, ಅಲ್ಲಿತ್ತು. ಮೊದಲ ಮತ್ತು ಕೊನೆಯ ಪ್ಯಾರಾಗಳು ಇರಲಿಲ್ಲ.

ಆಮೇಲೆ ಅವನ ನೋಟ್‌ಬುಕ್ ನೋಡಿದೆ. ಗ್ರಂಥಾಲಯದಲ್ಲಿ ಪೆನ್ಸಿಲ್‌ನಿಂದ ಗೀಚಿಕೊಂಡ ಪುಟದಲ್ಲಿ ಸಂಪುಟದ ಸಂಖ್ಯೆ ಕನ್ನಡ ಅಂಕಿಯಲ್ಲಿತ್ತು: ೬. ಅದರ ಬಾಲ ಎತ್ತ ತಿರುಗಿದೆ ಎಂದು ತಿಳಿಯದಷ್ಟು ಅವಸರದ ಬರಹ. ಟೈಪ್ ಮಾಡುವಾಗ ಅದನ್ನೇ ೯ ಎಂದು ಓದಿಕೊಂಡಿದ್ದ. ಯಂತ್ರದ ತಪ್ಪು ಎಂದು ನಾನು ಎತ್ತಿಟ್ಟುಕೊಂಡಿದ್ದ ಸಾಕ್ಷಿಯೇ ಅವನು ಕೈಯಿಂದ ಬರೆದುಕೊಂಡಿದ್ದ ಎಂಬುದಕ್ಕೆ ಪುರಾವೆಯಾಯಿತು. ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಹೆಚ್ಚು ಅಲುಗಾಡಿಸಿದ್ದು ಆ ಪೆನ್ಸಿಲ್ ಗೆರೆ.

ದುರ್ಗಾ ದೇವಾಲಯದ ತಪ್ಪಿಗೆ ಅವನ ವಿವರಣೆ: ‘ಅಂದು ಕಾಲು ಉಳುಕಿತ್ತು ಸರ್, ಗುಡ್ಡ ಹತ್ತಲಿಲ್ಲ, ಕೆಳಗೇ ಕುಳಿತಿದ್ದೆ.’ ಪ್ರವಾಸದ ಫೋಟೋಗಳಲ್ಲಿ ಮೇಗುತಿಯ ಮುಂದಿನ ಗುಂಪಿನಲ್ಲಿ ಅವನು ನಿಜವಾಗಿಯೂ ಇರಲಿಲ್ಲ. ಮೊದಲ ಪ್ಯಾರಾ ಎಲ್ಲಿಂದ ಬಂತು ಎಂದು ಕೇಳಿದಾಗ ಮಾತ್ರ ಅವನು ತಲೆ ತಗ್ಗಿಸಿದ, ಉತ್ತರ ಕೊಡಲಿಲ್ಲ. ಮೌನವನ್ನು ತಪ್ಪೊಪ್ಪಿಗೆ ಎಂದು ನಾನು ಬರೆದುಕೊಳ್ಳಲಿಲ್ಲ. ಮೇಷ್ಟ್ರ ಕೋಣೆಯಲ್ಲಿ ಹತ್ತೊಂಬತ್ತರ ಹುಡುಗ ಬಾಯಿ ಬಿಡದಿರಲು ನೂರು ಕಾರಣಗಳಿರುತ್ತವೆ.

ಟಿಪ್ಪಣಿ ಬರೆಯುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ವಾಕ್ಯಗಳಲ್ಲಿಟ್ಟೆ. ‘ಖಚಿತ’, ‘ಸಂಭವ ಹೆಚ್ಚು’, ‘ಹೇಳಲಾಗದು’ ಎಂಬ ಮೂರೇ ಮಾತುಗಳನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಅಂಕಿಯನ್ನು ಬೇಕೆಂದೇ ಕೊನೆಗೆ ತಳ್ಳಿದೆ. ಮೊದಲೇ ಹಾಕಿದರೆ ಓದುವವರು ಉಳಿದದ್ದನ್ನೆಲ್ಲ ಅದರ ಕನ್ನಡಕದಿಂದಲೇ ನೋಡುತ್ತಾರೆ. ಮುಖ್ಯಸ್ಥರಿಗೆ ಕೊಟ್ಟದ್ದು ಇಷ್ಟು:

‘ಪ್ರಬಂಧದ 2ರಿಂದ 4ನೆಯ ಪ್ಯಾರಾಗಳ ಕರಡು ಮತ್ತು ಕೈಬರಹದ ಟಿಪ್ಪಣಿಗಳನ್ನು ನೋಡಿದ್ದೇನೆ. ಅವು ವಿದ್ಯಾರ್ಥಿಯ ಸ್ವಂತ ಕೆಲಸವೆಂಬ ಸಂಭವ ಹೆಚ್ಚು. 1 ಮತ್ತು 5ನೆಯ ಪ್ಯಾರಾಗಳಿಗೆ ಕರಡು ಸಿಕ್ಕಿಲ್ಲ. ಶೈಲಿಯೂ ಉಳಿದ ಭಾಗಕ್ಕೆ ಹೊಂದುವುದಿಲ್ಲ. ಅವು ಬೇರೆಡೆಯಿಂದ ಬಂದಿರುವ ಸಂಭವ ಹೆಚ್ಚು. ಆದರೆ ಯಂತ್ರದಿಂದಲೋ, ಗೈಡ್‌ನಿಂದಲೋ, ಇನ್ನೊಬ್ಬರ ಸಹಾಯದಿಂದಲೋ ಹೇಳಲಾಗದು. ತಂತ್ರಾಂಶದ ಅಂಕಿ 87. ಅದು ಶೈಲಿಯನ್ನೇ ಅಳೆಯುವುದರಿಂದ ಪ್ರತ್ಯೇಕ ಸಾಕ್ಷಿಯಾಗಿ ಎಣಿಸಿಲ್ಲ. ಈ ಆಧಾರದ ಮೇಲೆ ನಕಲು ಎಂದು ದಾಖಲಿಸುವಂತಿಲ್ಲ. ಹತ್ತು ನಿಮಿಷ ಮೌಖಿಕವಾಗಿ ಕೇಳಿ, 2ರಿಂದ 4ನೆಯ ಪ್ಯಾರಾಗಳಿಗೆ ಮಾತ್ರ ಅಂಕ ಕೊಡಬೇಕೆಂದು ಕೋರುತ್ತೇನೆ. 1 ಮತ್ತು 5ನೆಯ ಪ್ಯಾರಾಗಳ ಕರಡು ಸಿಕ್ಕರೆ ಈ ಅಭಿಪ್ರಾಯ ಬದಲಾಗುತ್ತದೆ.’

ಮುಖ್ಯಸ್ಥರು ಎರಡು ಸಲ ಓದಿ, ‘ಹಾಗಾದರೆ ತಪ್ಪು ಮಾಡಿದ್ದಾನೋ ಇಲ್ಲವೋ?’ ಎಂದರು. ಕೊನೆಯ ವಾಕ್ಯವನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ಮೌಖಿಕ ಪರೀಕ್ಷೆಯಲ್ಲಿ ಹುಡುಗ ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ತಡೆದದ್ದನ್ನೂ, 634ರ ಕಾಲನಿರ್ಣಯ ಶಾಸನದಲ್ಲಿರುವ ಶಕ 556ರಿಂದ ಸಿಗುವುದನ್ನೂ ತನ್ನ ಮಾತಿನಲ್ಲಿ ಬಿಡಿಸಿ ಹೇಳಿದ. 6 ಅಂಕ ಕೊಟ್ಟೆ. ಟಿಪ್ಪಣಿಯ ಜೊತೆಗೆ ಆ ನೋಟ್‌ಬುಕ್ ಪುಟದ ನೆರಳಚ್ಚನ್ನೂ ಕಡತಕ್ಕೆ ಸೇರಿಸಿದ್ದೇನೆ.