ಡಬ್ಲ್ಯೂಇಆರ್ ಒಂದೇ, ಅರ್ಥ ಉಲ್ಟಾ: ಧಾರವಾಡದ ಮಾತನ್ನು ಹೀಗೆ ಸರಿಪಡಿಸಿದೆ

ಕುಡಿಯುವ ನೀರಿನ ಸಮೀಕ್ಷೆಯ ಧ್ವನಿಮುದ್ರಣಗಳನ್ನು ಸ್ಪೀಚ್ ಟು ಟೆಕ್ಸ್ಟ್‌ಗೆ ಹಾಕಿ ದೂರುಗಳನ್ನು ಎಣಿಸಿದಾಗ, ಧಾರವಾಡದ ಕಡೆ ದೂರು ಅನುಮಾನ ಬರುವಷ್ಟು ಕಮ್ಮಿ ಇತ್ತು. ಆಡಿಯೊ ಕೇಳಿದರೆ ಜನ ಬೈತಾನೇ ಇದ್ದಾರೆ!

ಒಂದು ವಾಕ್ಯ ನೋಡಿ: ‘ನಮ್ಮ ಓಣ್ಯಾಗ ನೀರು ಬರಂಗಿಲ್ಲ’. ಯಂತ್ರ ‘ಓಣಿಯಾಗ’ ಎಂದು ಬರೆದರೆ ನಾಲ್ಕರಲ್ಲಿ ಒಂದು ಪದ ತಪ್ಪು, ಅಂದರೆ ತಪ್ಪಾದ ಪದಗಳ ಪ್ರಮಾಣ ಹೇಳುವ ಡಬ್ಲ್ಯೂಇಆರ್ 25%. ಕೊನೆಯ ಪದವನ್ನು ‘ಬರಂಗ’ ಎಂದು ನುಂಗಿದರೂ 25%. ಆದರೆ ದೂರೇ ಮಾಯ. ‘ಬರಂಗ ಇಲ್ಲ’ ಎಂದು ಬಿಡಿಸಿ ಬರೆದರಂತೂ ಒಂದು ಬದಲಿ, ಒಂದು ಹೆಚ್ಚುವರಿ ಪದ ಸೇರಿ 50%. ಅರ್ಥ ಮಾತ್ರ ಪೂರ್ತಿ ಸರಿ. ವಿಚಿತ್ರ ಅಲ್ವಾ?

ಹಾಗಾಗಿ ಪ್ರತಿ ಜಿಲ್ಲೆಯಿಂದ ಕೆಲವು ತುಣುಕುಗಳನ್ನು ಸುಮ್ನೆ ಲಾಟರಿಯಂತೆ ಆರಿಸಿ, ಆಡಿದ ಹಾಗೇ ಕೈಯಿಂದ ಬರೆಸಿದೆ. ಅಳೆಯುವ ಮೊದಲು ಕೈಬರಹ, ಯಂತ್ರದ ಬರಹ ಎರಡರಲ್ಲೂ ‘ಬರಂಗಿಲ್ಲ’, ‘ಬರಂಗ ಇಲ್ಲ’ ಒಂದೇ ರೂಪಕ್ಕೆ ತಂದೆ. ಇದಕ್ಕೆ ಪದದ ತುಂಡುಗಳದ್ದಲ್ಲ, ಇಡೀ ಪದಗಳದ್ದೇ ಪಟ್ಟಿ ಬೇಕು. ‘-್ಯಾಗ’ ಕಂಡಲ್ಲೆಲ್ಲ ‘-ಿಯಲ್ಲಿ’ ಮಾಡಿದರೆ ‘ತ್ಯಾಗ’ವೂ ‘ತಿಯಲ್ಲಿ’ ಆಗಿಬಿಡುತ್ತದೆ.

ಆಮೇಲೆ ಇನ್ನೊಂದು ಲೆಕ್ಕ ಇಟ್ಟೆ: ಜನ ಹೇಳಿದ ‘ಇಲ್ಲ’, ‘ಅಲ್ಲ’, ‘ಬ್ಯಾಡ’ಗಳಲ್ಲಿ ಎಷ್ಟು ಉಳಿದವು? ನನಗೆ ಡಬ್ಲ್ಯೂಇಆರ್‌ಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು. ನುಂಗಿದ ‘ಇಲ್ಲ’ವನ್ನು ಯಾವ ಪಟ್ಟಿಯೂ ವಾಪಸ್ ತರುವುದಿಲ್ಲ. ಅದಕ್ಕೇ ‘ನೀರು’ ಇದ್ದೂ ‘ಇಲ್ಲ’ ಇಲ್ಲದ ಧಾರವಾಡದ ವಾಕ್ಯಗಳನ್ನೆಲ್ಲ ಮತ್ತೆ ಕೇಳಿಯೇ ತಿದ್ದಿದೆವು. ಜಿಲ್ಲೆಗಳ ಹೋಲಿಕೆಯನ್ನು ಅದಾದ ಮೇಲಷ್ಟೇ ವರದಿಗೆ ಹಾಕಿದೆ.