ಮಜ್ಜಿಗೆ ಹುಳಿ ಒಡೆಯದಂತೆ ಕುದಿಸುವುದು ಹೇಗೆ?

ಮಳೆಗಾಲದ ಚಳಿಗೆ ಮಡಿಕೇರಿಯ ಅಡುಗೆಮನೆಗಳಲ್ಲಿ ಮೊಸರು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುವುದನ್ನು ಕಂಡು ಪಾತ್ರೆಯನ್ನು ಒಲೆಯ ಪಕ್ಕ ಬೆಚ್ಚಗೆ ಇಡುತ್ತೇವೆ, ಅದು ಅಲ್ಲಿದೆ ಎಂದು ನೆನಪಾಗುವ ಹೊತ್ತಿಗೆ ಮೊಸರು ಹುಳಿ ಹತ್ತಿರುತ್ತದೆ. ಅನ್ನಕ್ಕೆ ಕಲಸಿಕೊಳ್ಳಲಾಗದ ಈ ಮೊಸರು ಕಢಿಗೆ ಅಥವಾ ಮಜ್ಜಿಗೆ ಹುಳಿಗೆ ರುಚಿಯಲ್ಲಿ ಅತ್ಯುತ್ತಮ. ಆದರೆ ಒಲೆಯ ಮೇಲೆ ಬೇಗ ಒಡೆಯುವುದೂ ಇದೇ. ಕಳೆದ ಜುಲೈಯಲ್ಲಿ ನೆಂಟರು ಬಂದಿದ್ದ ದಿನ ನಾನು ಸೌದೆ ಒಲೆಯ ಮೇಲೆ ಇಂಥ ಮಜ್ಜಿಗೆಯನ್ನು ಇಟ್ಟು, ಒಗ್ಗರಣೆಗೆ ಕರಿಬೇವು ಕೊಯ್ಯಲು ಹಿತ್ತಲಿಗೆ ಹೋಗಿ ಬಂದೆ. ಅಷ್ಟರಲ್ಲಿ ಪಾತ್ರೆಯಲ್ಲಿ ಬಿಳಿಯ ಹರಳು ಹರಳಾದ ಗಸಿ ಒಂದು ಕಡೆ, ಹಸಿರು ಛಾಯೆಯ ತಿಳಿನೀರು ಇನ್ನೊಂದು ಕಡೆ ಆಗಿಹೋಗಿತ್ತು. ಕಡಲೆಹಿಟ್ಟನ್ನು ಆಮೇಲೆ ಬೆರೆಸಿದರಾಯಿತು ಎಂದುಕೊಂಡದ್ದು ನನ್ನ ತಪ್ಪು.

ಹಾಗೇಕಾಯಿತು ಎಂಬುದನ್ನು ತಿಳಿಯಲು ಹಾಲಿನಿಂದಲೇ ಆರಂಭಿಸಬೇಕು. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನ್ ಎಂಬುದು. ಅದು ಕಣ್ಣಿಗೆ ಕಾಣದ ಪುಟ್ಟ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಈ ಉಂಡೆಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ, ಆದ್ದರಿಂದಲೇ ಒಳ್ಳೆಯ ಹಾಲನ್ನು ಎಷ್ಟು ಕುದಿಸಿದರೂ ಅದು ಒಡೆಯುವುದಿಲ್ಲ. ಹೆಪ್ಪು ಹಾಕಿದಾಗ ಹುಳಿ ಏರುತ್ತಾ ಹೋಗಿ ಆ ತಳ್ಳುವ ಶಕ್ತಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಗ ಉಂಡೆಗಳು ಒಂದಕ್ಕೊಂದು ಅಂಟಿ, ನೀರನ್ನು ತಮ್ಮ ನಡುವೆ ಹಿಡಿದಿಟ್ಟುಕೊಂಡ ಮೃದುವಾದ ಬಲೆಯಾಗುತ್ತವೆ. ನಾವು ಮೊಸರು ಎನ್ನುವುದು ಈ ಬಲೆಯನ್ನು. ಕಡೆಗೋಲಿನಿಂದ ಕಡೆದಾಗ ಬಲೆ ಸಣ್ಣ ಸಣ್ಣ ಚೂರುಗಳಾಗಿ ಮಜ್ಜಿಗೆಯಾಗುತ್ತದೆ, ಆದರೆ ಚೂರುಗಳ ಅಂಟುವ ಗುಣ ಹೋಗುವುದಿಲ್ಲ.

ಇಂಥ ಮಜ್ಜಿಗೆಯನ್ನು ಹಾಗೆಯೇ ಕಾಯಿಸಿದರೆ ಪ್ರತಿಯೊಂದು ಚೂರೂ ಬಿಸಿಗೆ ಕುಗ್ಗಿ, ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಕುದಿತ ಜೋರಾದಷ್ಟೂ ಚೂರುಗಳು ಹೆಚ್ಚು ಹೆಚ್ಚು ಡಿಕ್ಕಿ ಹೊಡೆದು, ಅಂಟಿ, ದೊಡ್ಡ ಹರಳುಗಳಾಗುತ್ತವೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ನಮ್ಮಲ್ಲಿ ಮಜ್ಜಿಗೆ ಒಡೆಯುವ ಭಯ ಕಡಿಮೆ ಎಂದು ಯಾರಾದರೂ ಭಾವಿಸಬಹುದು. ಆದರೆ ಚೂರುಗಳು ಕುಗ್ಗಲು ಆರಂಭಿಸುವುದು ಕುದಿಗೆ ಬಹಳ ಮೊದಲೇ, ಆದ್ದರಿಂದ ಬೆಟ್ಟದ ಎತ್ತರ ಇಲ್ಲಿ ನೆರವಿಗೆ ಬರುವುದಿಲ್ಲ.

ನೆರವಿಗೆ ಬರುವುದು ಕಡಲೆಹಿಟ್ಟು. ಅದರ ದೊಡ್ಡ ಪಾಲು ಪಿಷ್ಟ. ನೀರಿನೊಡನೆ ಬೆರೆತು ಸುಮಾರು 65ರಿಂದ 75 ಡಿಗ್ರಿ ಬಿಸಿಯಾದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಅವುಗಳಿಂದ ಒಂದಷ್ಟು ಅಂಶ ಹೊರಗೆ ಬಂದು ಮಜ್ಜಿಗೆಯನ್ನು ಗಂಜಿಯಂತೆ ಮಂದವಾಗಿಸುತ್ತದೆ. ಈ ಮಂದದೊಳಗೆ ಸಿಕ್ಕ ಕೇಸೀನ್ ಚೂರುಗಳಿಗೆ ಪರಸ್ಪರ ಹತ್ತಿರ ಬರುವುದು ಕಷ್ಟವಾಗುತ್ತದೆ. ಚೂರುಗಳು ಕುಗ್ಗಿ ಗಂಟಾಗುವ ಮೊದಲು ಪಿಷ್ಟ ಉಬ್ಬಿರಬೇಕು ಎಂಬುದೇ ಇಲ್ಲಿ ಮುಖ್ಯ. ಹಿಟ್ಟನ್ನು ತಣ್ಣಗಿರುವಾಗಲೇ ಬೆರೆಸುವುದು, ಉರಿಯನ್ನು ಸಣ್ಣಗೆ ಇಡುವುದು, ಕೈಬಿಡದೆ ತಿರುವುವುದು, ಈ ಮೂರೂ ಪಿಷ್ಟಕ್ಕೆ ಆ ಸಮಯವನ್ನು ಕೊಡುವ ಉಪಾಯಗಳು. ಮಜ್ಜಿಗೆ ಹುಳಿಯ ಮಸಾಲೆಗೆ ನಮ್ಮ ಅಜ್ಜಿಯರು ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿಯೊಡನೆ ನುಣ್ಣಗೆ ರುಬ್ಬಿ ಸೇರಿಸುತ್ತಿದ್ದುದೂ ಇದೇ ಕೆಲಸ ಮಾಡುತ್ತದೆ. ಅದು ಬರೀ ರುಚಿಗಾಗಿ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಈಗ ನಾಲ್ವರಿಗೆ ಆಗುವಷ್ಟು ಕಢಿಯನ್ನು ಮಾಡಿ ನೋಡೋಣ. 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ 2 ಲೋಟ ಹುಳಿ ಮೊಸರು, 3 ಲೋಟ ನೀರು, 4 ದೊಡ್ಡ ಚಮಚ ಕಡಲೆಹಿಟ್ಟು, ಕಾಲು ಚಮಚ ಅರಿಸಿನ ಸಾಕು. ಮೊಸರು ಫ್ರಿಜ್ಜಿನಲ್ಲಿದ್ದರೆ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು. ಹಿಟ್ಟನ್ನು ಜರಡಿ ಹಿಡಿದು, ಮೊದಲು ನಾಲ್ಕೈದು ಚಮಚ ಮೊಸರಿನಲ್ಲಿ ಮಾತ್ರ ಕಲಸಿ ಗಂಟಿಲ್ಲದ ಹಿಟ್ಟಾಗಿಸಿಕೊಳ್ಳಬೇಕು. ಅನಂತರ ಉಳಿದ ಮೊಸರು, ಅರಿಸಿನ, ನೀರನ್ನು ಒಂದಾದ ಮೇಲೊಂದರಂತೆ ಸೇರಿಸಿ ಕಡೆಗೋಲಿನಿಂದ ಚೆನ್ನಾಗಿ ಕಡೆಯಬೇಕು. ಎಲ್ಲವನ್ನೂ ಒಮ್ಮೆಲೇ ಸುರಿದರೆ ಗಂಟುಗಳು ಉಳಿಯುತ್ತವೆ. ಗಂಟಿನೊಳಗೆ ಒಣಗಿ ಕುಳಿತ ಹಿಟ್ಟು ಮಜ್ಜಿಗೆಯನ್ನು ಕಾಯುವುದಿಲ್ಲ.

ಪಾತ್ರೆ ದಪ್ಪ ತಳದ್ದಾಗಿರಲಿ. ಗ್ಯಾಸಿನ ಉರಿಯನ್ನು ಸಣ್ಣಕ್ಕೂ ಮಧ್ಯಮಕ್ಕೂ ನಡುವೆ ಇಟ್ಟು, ಮೊದಲ ಕುದಿ ಬರುವ ತನಕ ಸೌಟನ್ನು ಕೈಯಿಂದ ಬಿಡಬಾರದು. ಒಂದೇ ದಿಕ್ಕಿನಲ್ಲಿ ತಿರುವಬೇಕೆಂದು ಹೇಳುವವರಿದ್ದಾರೆ, ಆದರೆ ದಿಕ್ಕಿನಿಂದ ಏನೂ ಬದಲಾಗುವುದಿಲ್ಲ. ಸೌಟು ತಳವನ್ನು ಕೆರೆಯುತ್ತಿರಬೇಕು, ಏಕೆಂದರೆ ಅತಿಯಾದ ಬಿಸಿ ಇರುವುದೂ ಹಿಟ್ಟು ಇಳಿದು ಕೂರುವುದೂ ಅಲ್ಲಿಯೇ. ಎಂಟು ಹತ್ತು ನಿಮಿಷಗಳಲ್ಲಿ ಸೌಟಿಗೆ ತಗಲುವ ಭಾರ ಬದಲಾಗುತ್ತದೆ. ನೀರು ತಿರುವಿದಂತಿದ್ದದ್ದು ತೆಳ್ಳನೆಯ ಗಂಜಿ ತಿರುವಿದಂತಾಗುತ್ತದೆ, ಸೌಟನ್ನು ಎತ್ತಿದರೆ ಅದರ ಬೆನ್ನಿನ ಮೇಲೆ ನುಣುಪಾದ ತೆಳು ಪದರ ನಿಲ್ಲುತ್ತದೆ. ಪಿಷ್ಟ ಉಬ್ಬಿದೆ ಎನ್ನಲು ಇದೇ ಗುರುತು. ಪದರದಲ್ಲಿ ರವೆಯಂಥ ಕಣಗಳು ಕಂಡರೆ ಒಡೆಯುವುದು ಶುರುವಾಗಿದೆ ಎಂದು ತಿಳಿದು, ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ ಜೋರಾಗಿ ಕಡೆಯಬೇಕು.

ಮಂದವಾದ ಮೇಲೆ ಕುದಿಗೆ ಹೆದರಬೇಕಾಗಿಲ್ಲ, ಕುದಿಸಲೇಬೇಕು. ಅರೆಬೆಂದ ಕಡಲೆಹಿಟ್ಟಿನ ಹಸಿ ವಾಸನೆ ಹೋಗಲು ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬೇಕು. ಮಧ್ಯದಲ್ಲಿ ಒಂದೆರಡು ಗುಳ್ಳೆ ಮಾತ್ರ ಏಳುತ್ತಿರಲಿ, ಆಗಾಗ ತಿರುವಿದರೆ ಸಾಕು. ಬೂದುಗುಂಬಳ ಅಥವಾ ಸೌತೆಕಾಯಿ ಹಾಕುವುದಾದರೆ ಬೇರೆಯೇ ಬೇಯಿಸಿಟ್ಟುಕೊಂಡು ಈ ಹಂತದಲ್ಲಿ ಸೇರಿಸಬಹುದು. ಉಪ್ಪನ್ನು ನಾನು ಕೊನೆಗೆ ಹಾಕುತ್ತೇನೆ. ಇಳಿಸಿದ ಮೇಲೆ ಸಾಸಿವೆ, ಮೆಂತ್ಯ, ಒಣಮೆಣಸು, ಕರಿಬೇವಿನ ಒಗ್ಗರಣೆ. ಮೊಸರೇ ಹುಳಿಯಾಗಿರುವುದರಿಂದ ಕಾಚಂಪುಳಿಯಂಥ ಬೇರೆ ಹುಳಿ ಇದಕ್ಕೆ ಬೇಡ.

ಗಡಿಯಾಚೆ ಕೇರಳದಲ್ಲಿ ಹಿಟ್ಟಿಲ್ಲದೆಯೂ ಮಜ್ಜಿಗೆ ಸಾರು ಮಾಡುತ್ತಾರೆ, ನಮ್ಮಲ್ಲಿಯೂ ಅನೇಕ ಮನೆಗಳಲ್ಲಿ ಆ ರೂಢಿ ಇದೆ. ಅಲ್ಲಿ ನಿಯಮ ಬೇರೆ: ಹಬೆ ಎದ್ದು ಅಂಚಿನಲ್ಲಿ ನೊರೆ ಕಟ್ಟಿದ ಕ್ಷಣವೇ ಇಳಿಸಬೇಕು, ಕುದಿಯಲು ಬಿಡಲೇಬಾರದು. ಹಿಟ್ಟು ಹಾಕಿದ ಕಢಿಯನ್ನು ಅಲ್ಲಿಗೇ ಇಳಿಸಿದರೆ ಹಸಿಯಾಗಿ ಉಳಿಯುತ್ತದೆ, ಹಿಟ್ಟಿಲ್ಲದ್ದನ್ನು ಕುದಿಸಿದರೆ ಒಡೆಯುತ್ತದೆ. ಈ ಎರಡು ಪದ್ಧತಿಗಳನ್ನು ಬೆರೆಸಿಕೊಂಡಾಗಲೇ ಹೆಚ್ಚಿನ ಅನಾಹುತಗಳು ಆಗುತ್ತವೆ.

ಪೂರ್ತಿ ಒಡೆದದ್ದನ್ನು ಮೊದಲಿನಂತೆ ಮಾಡಲಾಗದು, ಏಕೆಂದರೆ ಒಮ್ಮೆ ಕುಗ್ಗಿದ ಚೂರು ಮತ್ತೆ ನೀರು ಹಿಡಿಯುವುದಿಲ್ಲ. ಆರಿದ ಮೇಲೆ ಒಂದು ಚಮಚ ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಮಿಕ್ಸಿಯಲ್ಲಿ ತಿರುವಿ, ಸಣ್ಣ ಉರಿಯಲ್ಲಿ ಮತ್ತೆ ಬೇಯಿಸಿದರೆ ನೋಡಲು ಒಂದಾಗುತ್ತದೆ. ನಾಲಿಗೆಗೆ ಮಾತ್ರ ಸಣ್ಣ ತರಿ ತಿಳಿಯುತ್ತದೆ. ಆ ಜುಲೈಯ ದಿನ ನೆಂಟರಿಗೆ ನಾನು ಬಡಿಸಿದ್ದು ಅದನ್ನೇ.